ಅಡಿಟಿಪ್ಪಣಿಯೋ ಆವರಣವೋ: ಒಂದು ಶಾಸನವನ್ನು ಉಲ್ಲೇಖಿಸುವ ಬಗೆ

ಇತಿಹಾಸ, ಸಾಹಿತ್ಯ, ಜಾನಪದದ ಮೇಲೆ ಸಂಶೋಧನ ಲೇಖನ ಬರೆಯುವವರಿಗೆ ಬೇಗ ಎದುರಾಗುವ ಪ್ರಶ್ನೆ ಇದು: ಆಧಾರವನ್ನು ಪುಟದ ಕೆಳಗೆ ಕೊಡಬೇಕೋ, ಲೇಖನದ ಕೊನೆಯಲ್ಲೋ, ಅಥವಾ ವಾಕ್ಯದ ನಡುವೆಯೇ ಆವರಣದಲ್ಲೋ? ಬಹಳ ಮಂದಿ ಇದನ್ನು ವಿಶ್ವವಿದ್ಯಾಲಯದ ಅಥವಾ ಪತ್ರಿಕೆಯ ನಿಯಮವೆಂದು ಮಾತ್ರ ನೋಡುತ್ತಾರೆ. ನಿಯಮ ಇದ್ದರೆ ಪಾಲಿಸಲೇಬೇಕು, ನಿಜ. ಆದರೆ ನಿಮ್ಮ ಆಧಾರ ಯಾವ ಜಾತಿಯದು ಎಂಬುದರ ಮೇಲೆ ಯಾವ ಕ್ರಮ ಹೊಂದುತ್ತದೆ ಎಂಬುದು ನಿಂತಿದೆ. ಒಂದೇ ಒಂದು ವಾಕ್ಯವನ್ನು ಹಿಡಿದು ನೋಡೋಣ.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಪಾರ್ಶ್ವನಾಥ ಬಸದಿ ಇದೆ. ಅಲ್ಲಿನ ಕಂಬವೊಂದರ ಮೇಲೆ ಮಲ್ಲಿಷೇಣ ಮುನಿಗಳ ನಿಧನವನ್ನು ದಾಖಲಿಸುವ ದೀರ್ಘ ಶಾಸನವಿದೆ. ಜೈನ ಗುರುಪರಂಪರೆಯ ಬಗ್ಗೆ ಬರೆಯುವವರೆಲ್ಲ ಇದರ ಹತ್ತಿರ ಬರಲೇಬೇಕು. ನಿಮ್ಮ ಲೇಖನದಲ್ಲಿ ಹೀಗೊಂದು ವಾಕ್ಯ ಇದೆ ಎಂದುಕೊಳ್ಳಿ: "ಮಲ್ಲಿಷೇಣ ಮುನಿಗಳು ಕ್ರಿ.ಶ. 1129ರಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದರು." ಇದಕ್ಕೆ ಆಧಾರ ಕೊಡಬೇಕು.

ಮೊದಲು ಆವರಣದಲ್ಲಿ ಕೊಟ್ಟು ನೋಡಿ

ಆವರಣ ಕ್ರಮದಲ್ಲಿ ಲೇಖಕರ ಹೆಸರು, ವರ್ಷ, ಪುಟ ಇಷ್ಟನ್ನೇ ಬರೆದು, ಉಳಿದ ವಿವರವನ್ನು ಕೊನೆಯ ಗ್ರಂಥಸೂಚಿಗೆ ಬಿಡುತ್ತೇವೆ. ಸಮಾಜವಿಜ್ಞಾನಗಳಲ್ಲಿ ಬಳಕೆಯಲ್ಲಿರುವ ಎಪಿಎ ಶೈಲಿ ಈ ಬಗೆಯದು. ಸಾಹಿತ್ಯ ವಿಭಾಗಗಳಲ್ಲಿ ಕಾಣುವ ಎಂಎಲ್‌ಎ ಶೈಲಿಯಲ್ಲಿ ವರ್ಷವೂ ಇರುವುದಿಲ್ಲ, ಹೆಸರು ಮತ್ತು ಪುಟ ಮಾತ್ರ. ನಮ್ಮ ಶಾಸನಕ್ಕೆ ಹೀಗೆ ಬರೆದರೆ ಆಗುವುದು: (ನರಸಿಂಹಾಚಾರ್ 1923: 67).

ಇದರಲ್ಲಿ ಮೂರು ತೊಡಕುಗಳಿವೆ. 67 ಎಂಬುದನ್ನು ಓದುಗರು ಪುಟಸಂಖ್ಯೆ ಎಂದು ಓದುತ್ತಾರೆ, ಆದರೆ ಅದು ಶಾಸನದ ಸಂಖ್ಯೆ. ನರಸಿಂಹಾಚಾರ್ ಎಂದರೆ ಕನ್ನಡದಲ್ಲಿ ಒಬ್ಬರಲ್ಲ. ಕವಿಚರಿತೆಯ ಆರ್. ನರಸಿಂಹಾಚಾರ್ ಇದ್ದಾರೆ, ಗ್ರಂಥಸಂಪಾದನೆಯ ಡಿ.ಎಲ್. ನರಸಿಂಹಾಚಾರ್ ಇದ್ದಾರೆ. ಇನಿಷಿಯಲ್ ಬಿಟ್ಟು ಹೆಸರನ್ನು ಮಾತ್ರ ಹಾಕುವ ಪದ್ಧತಿ ಮನೆತನದ ಹೆಸರು ಬಳಸುವ ನಾಡುಗಳಲ್ಲಿ ಹುಟ್ಟಿದ್ದು. ನಮ್ಮ ಹೆಸರುಗಳಿಗೆ ಅದನ್ನು ತಂದಾಗ ಇನಿಷಿಯಲ್ ಉಳಿಸಿಕೊಳ್ಳುವುದೇ ಸರಿ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. 1923 ಎಂಬುದು ಸಂಪುಟ ಅಚ್ಚಾದ ವರ್ಷ, ನರಸಿಂಹಾಚಾರ್ ಅದರ ಸಂಪಾದಕರು. ಶಾಸನವನ್ನು ಬರೆದವರೂ ಅವರಲ್ಲ, ಅದರ ಕಾಲವೂ ಅದಲ್ಲ. ಹನ್ನೆರಡನೆಯ ಶತಮಾನದ ಸಾಕ್ಷ್ಯ ಆವರಣದೊಳಗೆ ಇಪ್ಪತ್ತನೆಯ ಶತಮಾನದ ಪುಸ್ತಕವಾಗಿ ಕಾಣುತ್ತದೆ.

ಹಾಗೆಂದು ಆವರಣ ಕ್ರಮವೇ ಕೆಟ್ಟದ್ದಲ್ಲ. ಅದೇ ಲೇಖನದಲ್ಲಿ ನೀವು ವಿದ್ವಾಂಸರ ವಾದವೊಂದನ್ನು ಚರ್ಚಿಸುತ್ತಿದ್ದರೆ (ಎಂ. ಚಿದಾನಂದಮೂರ್ತಿ 1966) ಎಂದು ಬರೆದು ಪುಟಸಂಖ್ಯೆ ಸೇರಿಸಿದರೆ ಸಾಕು. 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಒಬ್ಬ ಲೇಖಕರ ಪುಸ್ತಕ, ವರ್ಷ ಖಚಿತ. ಯಾರು ಯಾವಾಗ ಹೇಳಿದರು, ಯಾರಿಗೆ ಯಾರು ಉತ್ತರ ಕೊಟ್ಟರು ಎಂಬ ಕ್ರಮವೂ ಓದುತ್ತಲೇ ಕಣ್ಣಿಗೆ ಬೀಳುತ್ತದೆ. ಲೇಖನದ ಆಧಾರಗಳೆಲ್ಲ ಇಂಥ ಪುಸ್ತಕ, ಪ್ರಬಂಧಗಳೇ ಆಗಿದ್ದರೆ ಆವರಣವನ್ನೇ ಆರಿಸಿ. ಶಾಸನ, ತಾಳೆಗರಿ, ಕಡತ, ಪತ್ರ, ಹಳೆಯ ಪತ್ರಿಕೆ, ಮೌಖಿಕ ಹೇಳಿಕೆ ಇವು ಹೆಚ್ಚಿದ್ದರೆ ಟಿಪ್ಪಣಿಗೆ ಹೋಗಿ.

ಈಗ ಟಿಪ್ಪಣಿ ಬರೆಯುವುದು

ಬರೆಯುವ ಮೊದಲು ಯಾವ ಆವೃತ್ತಿಯನ್ನು ಕೈಯಲ್ಲಿ ಹಿಡಿದು ಓದಿದಿರಿ ಎಂದು ಗುರುತಿಸಿಕೊಳ್ಳಿ. ಶ್ರವಣಬೆಳಗೊಳದ ಶಾಸನಗಳು 'ಎಪಿಗ್ರಾಫಿಯ ಕರ್ನಾಟಿಕ'ದ ಎರಡನೆಯ ಸಂಪುಟ. ಅದು ಮೂರು ಬಾರಿ ಬಂದಿದೆ: 1889ರಲ್ಲಿ ಬಿ.ಎಲ್. ರೈಸ್ ಅವರಿಂದ, 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿ, 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಿಂದ. ಪರಿಷ್ಕರಿಸುವಾಗ ಹೊಸ ಶಾಸನಗಳು ಸೇರಿ, ಸಂಖ್ಯೆಗಳು ಬದಲಾದವು. ಮಲ್ಲಿಷೇಣರ ಶಾಸನ ರೈಸ್ ಅವರಲ್ಲಿ 54, ನರಸಿಂಹಾಚಾರ್ ಅವರಲ್ಲಿ 67. ಆದ್ದರಿಂದ ಆವೃತ್ತಿ ಹೇಳದೆ ಸಂಖ್ಯೆ ಮಾತ್ರ ಕೊಟ್ಟರೆ ಆ ಉಲ್ಲೇಖಕ್ಕೆ ಬೆಲೆಯಿಲ್ಲ.

ಟಿಪ್ಪಣಿ ಹೀಗಿರಲಿ:

1. ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 2, ಸಂಪಾದಕ ಆರ್. ನರಸಿಂಹಾಚಾರ್, ಪರಿಷ್ಕೃತ ಆವೃತ್ತಿ, 1923, ಶಾಸನಸಂಖ್ಯೆ 67 (1889ರ ಆವೃತ್ತಿಯಲ್ಲಿ 54). ಶಾಸನದ ಕಾಲ ಶಕವರ್ಷ 1050, ಕೀಲಕ ಸಂವತ್ಸರದ ಫಾಲ್ಗುಣ. ಶಕಕ್ಕೆ 78 ಕೂಡಿಸಿದರೆ 1128 ಬರುತ್ತದೆ. ಆದರೆ ಫಾಲ್ಗುಣವು ವರ್ಷದ ಕೊನೆಯ ಮಾಸವಾದ್ದರಿಂದ ಇದು ಕ್ರಿ.ಶ. 1129ಕ್ಕೆ ಬೀಳುತ್ತದೆ.

ಈ ಟಿಪ್ಪಣಿ ಎರಡು ಕೆಲಸ ಮಾಡುತ್ತಿದೆ. ಮೊದಲರ್ಧ ಆಧಾರ ಎಲ್ಲಿದೆ ಎಂದು ತೋರಿಸುತ್ತದೆ. ಎರಡನೆಯ ಅರ್ಧ ಆ ಆಧಾರದಿಂದ ನೀವು 1129ಕ್ಕೆ ಹೇಗೆ ಬಂದಿರಿ ಎಂದು ತೋರಿಸುತ್ತದೆ. ಬೇರೆಡೆ 1128 ಎಂದು ಓದಿದವರಿಗೆ ವ್ಯತ್ಯಾಸದ ಕಾರಣ ಅಲ್ಲೇ ಸಿಗುತ್ತದೆ, ಮೇಲಿನ ವಾಕ್ಯದ ಓಟವೂ ಕೆಡುವುದಿಲ್ಲ. ಈ ಎರಡನೆಯ ಕೆಲಸವನ್ನು ಆವರಣದಿಂದ ಮಾಡಿಸಲು ಸಾಧ್ಯವಿಲ್ಲ. ಮಾನವಿಕ ವಿಷಯಗಳ ಬರಹಗಾರರು ಟಿಪ್ಪಣಿಯನ್ನು ಬಿಡದಿರುವುದು ಇದಕ್ಕಾಗಿಯೇ ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ಆದರೆ ಈ ಸೌಲಭ್ಯಕ್ಕೆ ಮಿತಿ ಬೇಕು. ವಾದ ನಿಲ್ಲಲು ಒಂದು ಮಾತು ಅಗತ್ಯವಾದರೆ ಅದನ್ನು ಮೇಲಕ್ಕೆ ತಂದು ಲೇಖನದಲ್ಲೇ ಸೇರಿಸಿ. ವಾದಕ್ಕೆ ಸಂಬಂಧವಿಲ್ಲದಿದ್ದರೆ ತೆಗೆದುಬಿಡಿ. ವಾದವನ್ನು ಪರೀಕ್ಷಿಸಲು ಬೇಕಾದದ್ದು ಮಾತ್ರ ಟಿಪ್ಪಣಿಯಲ್ಲಿ ಉಳಿಯಲಿ. ಪುಟದ ಅರ್ಧಭಾಗ ಟಿಪ್ಪಣಿಯೇ ತುಂಬಿದ್ದರೆ ಅಲ್ಲಿ ಇನ್ನೊಂದು ಲೇಖನ ಅಡಗಿದೆ ಎಂದರ್ಥ.

ಸಂಖ್ಯೆಯನ್ನು ವಾಕ್ಯದ ಪೂರ್ಣವಿರಾಮದ ನಂತರ, ತುಸು ಮೇಲೆತ್ತಿ ಹಾಕಿ. ವಾಕ್ಯದ ಒಂದು ಭಾಗಕ್ಕೆ ಮಾತ್ರ ಆ ಆಧಾರ ಅನ್ವಯಿಸುವುದಾದರೆ ಆ ಭಾಗ ಮುಗಿದಲ್ಲೇ ಹಾಕಿ. ಇಡೀ ಪ್ಯಾರಾಕ್ಕೆ ಕೊನೆಯಲ್ಲಿ ಒಂದೇ ಸಂಖ್ಯೆ ಕೊಟ್ಟು ನಾಲ್ಕು ಆಧಾರಗಳನ್ನು ಸಾಲಾಗಿ ಬರೆದರೆ, ಯಾವ ಮಾತಿಗೆ ಯಾವುದು ಆಧಾರ ಎಂದು ಓದುಗರಿಗೆ ತಿಳಿಯುವುದಿಲ್ಲ.

ಪುಟದಡಿಯೋ, ಕೊನೆಯಲ್ಲೋ

ಅಡಿಟಿಪ್ಪಣಿಗೂ ಕೊನೆಟಿಪ್ಪಣಿಗೂ ಬರಹದಲ್ಲಿ ಭೇದವಿಲ್ಲ, ಇರುವುದು ಜಾಗದ ಭೇದ ಮಾತ್ರ. ಮೇಲಿನಂತೆ ವಿವರಣೆ ಇರುವ ಟಿಪ್ಪಣಿಗಳಿಗೆ ಪುಟದ ಅಡಿಯೇ ಒಳ್ಳೆಯದು, ಕಣ್ಣು ಕೆಳಗಿಳಿದು ಮೇಲೆ ಬರಲು ಕ್ಷಣ ಸಾಕು. ಬರೀ ಆಕರಗಳ ಪಟ್ಟಿಯಾಗಿದ್ದರೆ, ಅಥವಾ ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕವಾಗಿದ್ದರೆ ಕೊನೆಗೆ ಹಾಕಬಹುದು. ಪುಸ್ತಕದಲ್ಲಿ ಕೊನೆಟಿಪ್ಪಣಿ ಹಾಕುವಾಗ ಪ್ರತಿ ಅಧ್ಯಾಯಕ್ಕೂ ಸಂಖ್ಯೆ ಒಂದರಿಂದ ಶುರುವಾಗುವುದರಿಂದ, ಟಿಪ್ಪಣಿ ಪುಟಗಳ ಮೇಲ್ತುದಿಯಲ್ಲಿ ಅಧ್ಯಾಯದ ಹೆಸರು, ಸಾಧ್ಯವಾದರೆ ಅವು ಯಾವ ಪುಟಗಳಿಗೆ ಸೇರಿದವು ಎಂಬುದನ್ನೂ ಅಚ್ಚು ಹಾಕಿಸಿ. ಇಲ್ಲದಿದ್ದರೆ ಹುಡುಕುವವರು ಹನ್ನೆರಡು "1"ಗಳ ನಡುವೆ ಸಿಕ್ಕಿಕೊಳ್ಳುತ್ತಾರೆ.

ವರ್ಡ್‌ನಲ್ಲಿ `Alt+Ctrl+F` ಒತ್ತಿದರೆ ಅಡಿಟಿಪ್ಪಣಿ, `Alt+Ctrl+D` ಒತ್ತಿದರೆ ಕೊನೆಟಿಪ್ಪಣಿ ಬರುತ್ತದೆ. ಕೊನೆಟಿಪ್ಪಣಿ ಸಾಮಾನ್ಯವಾಗಿ i, ii, iii ಎಂದು ಎಣಿಸಿಕೊಳ್ಳುತ್ತದೆ, ಅದನ್ನು `Number format`ನಲ್ಲಿ 1, 2, 3 ಮಾಡಿಕೊಳ್ಳಿ. ಮನಸ್ಸು ಬದಲಾದರೆ `Convert` ಗುಂಡಿಯಿಂದ ಒಂದನ್ನು ಇನ್ನೊಂದಾಗಿ ಒಟ್ಟಿಗೆ ಮಾರ್ಪಡಿಸಬಹುದು. ಸಂಖ್ಯೆಯನ್ನು ಕೈಯಿಂದ ಟೈಪ್ ಮಾಡಿ ಮೇಲೆತ್ತುವುದು ಮಾತ್ರ ಬೇಡ. ನಡುವೆ ಒಂದು ಟಿಪ್ಪಣಿ ಸೇರಿದರೆ ಮುಂದಿನದೆಲ್ಲ ತಪ್ಪುತ್ತದೆ.

ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬರೆದು ಆಮೇಲೆ ಯುನಿಕೋಡ್‌ಗೆ ಬದಲಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಲೇಖನವನ್ನು ನಕಲಿಸಿ ಪರಿವರ್ತಕದ ಚೌಕದಲ್ಲಿ ಅಂಟಿಸಿದಾಗ ಹೋಗುವುದು ಬರೀ ಪಠ್ಯ. ಟಿಪ್ಪಣಿಗಳು ಅಲ್ಲೇ ಉದುರಿಹೋಗುತ್ತವೆ. ಪರಿವರ್ತನೆಗೆ ಮುಂಚೆ ಹಳೆಯ ಪ್ರತಿಯನ್ನು ಮುದ್ರಿಸಿಟ್ಟುಕೊಳ್ಳಿ, ಪರಿವರ್ತನೆಯಾದ ಮೇಲೆ ಟಿಪ್ಪಣಿಗಳನ್ನು ಒಂದೊಂದಾಗಿ ಸೇರಿಸಿ. ಸಾಧ್ಯವಾದರೆ ಮೊದಲಿನಿಂದಲೇ ಯುನಿಕೋಡ್‌ನಲ್ಲಿ ಬರೆಯಿರಿ.

ಎರಡನೆಯ ಬಾರಿ ಬಂದಾಗ

ಅದೇ ಆಕರ ಮತ್ತೆ ಬಂದರೆ ಪೂರ್ತಿ ವಿವರ ಬೇಡ. ಹಳೆಯ ರೂಢಿಯಲ್ಲಿ "ಅದೇ", "ಪೂರ್ವೋಕ್ತ" ಎಂದು ಬರೆಯುತ್ತಿದ್ದರು. ಇವುಗಳಲ್ಲಿ ಅಪಾಯವಿದೆ. "ಅದೇ" ಎಂಬುದು ಹಿಂದಿನ ಟಿಪ್ಪಣಿಯನ್ನು ನಂಬಿ ನಿಂತಿರುತ್ತದೆ. ತಿದ್ದುವಾಗ ಒಂದು ಪ್ಯಾರಾ ಮೇಲೆ ಕೆಳಗೆ ಹೋದರೆ, ಕಂಪ್ಯೂಟರ್ ಸಂಖ್ಯೆಯನ್ನು ಸರಿಪಡಿಸುತ್ತದೆಯೇ ಹೊರತು "ಅದೇ" ಈಗ ಬೇರೆ ಪುಸ್ತಕವನ್ನು ಸೂಚಿಸುತ್ತಿದೆ ಎಂದು ಅದಕ್ಕೆ ತಿಳಿಯದು. ಟಿಪ್ಪಣಿ ಕ್ರಮಕ್ಕೆ ಬಹುಜನ ಅನುಸರಿಸುವ ಶಿಕಾಗೊ ಕೈಪಿಡಿಯೂ ತನ್ನ 2017ರ ಆವೃತ್ತಿಯಲ್ಲಿ ಇದಕ್ಕೆ ಸಮನಾದ ರೂಢಿಯನ್ನು ಬಿಟ್ಟು ಮೊಟಕು ಹೆಸರು ಬಳಸುವುದು ಮೇಲು ಎಂದಿತು. ನಾವೂ ಹಾಗೇ ಮಾಡಬಹುದು: "ಚಿದಾನಂದಮೂರ್ತಿ, ಸಾಂಸ್ಕೃತಿಕ ಅಧ್ಯಯನ" ಎಂದು ಬರೆದು ಪುಟ ಕೊಟ್ಟರೆ ಆ ಟಿಪ್ಪಣಿ ಎಲ್ಲಿಗೆ ಹೋದರೂ ಅರ್ಥ ಕೆಡುವುದಿಲ್ಲ. ಶಾಸನಕ್ಕೆ "ಎ.ಕ. 2 (1923), ಶಾ. 67" ಸಾಕು, ಆದರೆ ಈ ಸಂಕ್ಷೇಪಗಳ ಪಟ್ಟಿ ಲೇಖನದ ಮೊದಲಲ್ಲಿ ಇರಬೇಕು.

"ಸಂ." ಎಂಬ ಸಂಕ್ಷೇಪವನ್ನು ಬಳಸಲೇಬೇಡಿ. ಅದು ಸಂಪುಟವೂ ಆಗಬಹುದು, ಸಂಪಾದಕ, ಸಂಚಿಕೆ, ಸಂಖ್ಯೆಯೂ ಆಗಬಹುದು. ಶಾಸನಸಂಪುಟದ ಒಂದೇ ಟಿಪ್ಪಣಿಯಲ್ಲಿ ಇವುಗಳಲ್ಲಿ ಮೂರು ಒಟ್ಟಿಗೆ ಬರುತ್ತವೆ. ಪೂರ್ತಿ ಬರೆದರೆ ಹೋಗುವುದು ನಾಲ್ಕು ಅಕ್ಷರ.

ಕೊನೆಯ ಪರೀಕ್ಷೆ

ಲೇಖನ ಕಳುಹಿಸುವ ಮೊದಲು ಟಿಪ್ಪಣಿಗಳನ್ನು ಮಾತ್ರ ಪ್ರತ್ಯೇಕವಾಗಿ ಓದಿ. ಪ್ರತಿಯೊಂದಕ್ಕೂ ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಈ ಪುಟವನ್ನು ನಾನೇ ತೆರೆದು ನೋಡಿದ್ದೇನೆಯೇ? ಬೇರೆಯವರ ಪುಸ್ತಕದ ಅಡಿಟಿಪ್ಪಣಿಯನ್ನು ಎತ್ತಿ ತಮ್ಮದರಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಹೆಚ್ಚಿದೆ, ಅದು ಸಿಕ್ಕಿಬೀಳುವುದೂ ಸುಲಭ. ಮಲ್ಲಿಷೇಣರ ಶಾಸನಕ್ಕೆ "1923ರ ಆವೃತ್ತಿ, ಶಾಸನಸಂಖ್ಯೆ 54" ಎಂದು ಯಾರಾದರೂ ಬರೆದಿದ್ದರೆ ಬಲ್ಲವರಿಗೆ ತಕ್ಷಣ ತಿಳಿಯುತ್ತದೆ. ಸಂಖ್ಯೆ ರೈಸ್ ಅವರ ಪುಸ್ತಕದಿಂದ ಬಂದದ್ದು, ವರ್ಷ ಇನ್ನೆಲ್ಲಿಂದಲೋ ಬಂದದ್ದು. 1923ರ ಸಂಪುಟದಲ್ಲಿ 54 ತೆರೆದರೆ ಬೇರೊಂದು ಶಾಸನ ಎದುರಾಗುತ್ತದೆ. ಮೂಲ ಸಿಗದೆ ಇನ್ನೊಬ್ಬರ ಮೂಲಕವೇ ತಿಳಿದಿದ್ದರೆ ಹಾಗೆಂದೇ ಬರೆಯಿರಿ: ಶಾಸನದ ವಿವರ ಕೊಟ್ಟು, "ಇಲ್ಲಿ ಉಲ್ಲೇಖಿತ" ಎಂದು ಸೇರಿಸಿ, ನೀವು ನಿಜವಾಗಿ ಓದಿದ ಪುಸ್ತಕದ ಹೆಸರು, ಪುಟ ಕೊಡಿ. ಗ್ರಂಥಸೂಚಿಯಲ್ಲೂ ಆ ಪುಸ್ತಕವೇ ಇರಲಿ, ಶಾಸನಸಂಪುಟ ಬೇಡ.