ಮರಿ ಕೊಡುವ ಮುನ್ನ ಚೀಟಿಯ ಮಾತು ತೂಗಿ ನೋಡಿ

ಕಟ್ಟೆಮಳಲವಾಡಿಯಲ್ಲಿ ನಾಯಿಮರಿಗಳನ್ನು ದತ್ತು ಕೊಡುವ ಶಿಬಿರ ಮಾಡಬೇಕೆಂದು ಹೊರಟಿದ್ದೀರಿ. ಬಿಡುವಿನ ಭಾನುವಾರವನ್ನು ಅದಕ್ಕೆ ಕೊಡುತ್ತಿದ್ದೀರಿ, ಸಂತೋಷ. ಆದರೆ ಡೇರಿ ಗೋಡೆಗೆ ಅಂಟಿಸಲು, ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಲು ನೀವು ಬರೆದಿಟ್ಟಿರುವ ಚೀಟಿ ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ. ಬೇಸರ ಮಾಡಿಕೊಳ್ಳದೆ ಕೇಳಿ.

“ಅಮ್ಮ ಇಲ್ಲದ ತಬ್ಬಲಿ ನಾನು. ಭಾನುವಾರದೊಳಗೆ ನೀವು ಬಾರದಿದ್ದರೆ ಲಾರಿ ಚಕ್ರಕ್ಕೆ ಬೀಳುತ್ತೇನೆ. ನಿಮಗೆ ಕರುಳಿಲ್ಲವೇ?” ಎಂದು ಬರೆದಿದ್ದೀರಿ. ಮೇಲೆ ಮರಿಯ ಫೋಟೊ, ಅದರ ಕಣ್ಣಿಗೆ ಮೊಬೈಲಿನಲ್ಲಿ ಎರಡು ಹನಿ ನೀರು ಬೇರೆ ಬರೆದಿದ್ದೀರಿ. ಓದಿದವರ ಎದೆ ಚುರ್ ಅನ್ನುತ್ತದೆ, ನಿಜ. ಆದರೆ ಅದರ ತಾಯಿ ಇನ್ನೂ ಹಿತ್ತಿಲಲ್ಲೇ ಇದೆ, ಹಾಲೂ ಕೊಡುತ್ತಿದೆ. ಭಾನುವಾರದ ಗಡುವು ನೀವೇ ಕಟ್ಟಿದ್ದು. ಇರುವ ತಾಯಿಯನ್ನು ಇಲ್ಲವಾಗಿಸಿ, ಇಲ್ಲದ ಗಡುವು ತಂದಿಟ್ಟು ಮನೆ ಹುಡುಕಬೇಡಿ. ಊರು ಚಿಕ್ಕದು, ಸುಳ್ಳು ಗೊತ್ತಾದರೆ ಮುಂದಿನ ಸಲ ನಿಮ್ಮ ಚೀಟಿಯನ್ನು ಯಾರೂ ನಂಬುವುದಿಲ್ಲ.

ಅದಕ್ಕಿಂತ ದೊಡ್ಡ ಕೆಡುಕು ಇನ್ನೊಂದಿದೆ. “ಕರುಳಿಲ್ಲವೇ” ಎಂಬ ಮಾತಿಗೆ ಬರುವವರು ಮರಿ ಬೇಕೆಂದು ಬಂದವರಲ್ಲ, ತಮ್ಮ ಎದೆಯ ಚುಚ್ಚು ಕಳೆದರೆ ಸಾಕೆಂದು ಬಂದವರು. ಮರಿ ಎತ್ತಿಕೊಂಡ ಕ್ಷಣಕ್ಕೆ ಆ ಚುಚ್ಚು ಹೋಗುತ್ತದೆ. ಮರುದಿನದಿಂದ ಉಳಿಯುವುದು ನಡುಮನೆಯ ಉಚ್ಚೆ, ರಾತ್ರಿಯ ಕೂಗಾಟ, ಒಪ್ಪದ ಅತ್ತೆ ಮಾವ. ಆತುರಗಾರನಿಗೆ ಬುದ್ಧಿ ಮಟ್ಟ. ಅಂಥ ಮನೆಗೆ ಹೋದ ಮರಿ ತಿಂಗಳೊಳಗೆ ಹುಣಸೂರು ರಸ್ತೆಯ ಬದಿಗೋ ಯಾರದೋ ತೋಟಕ್ಕೋ ಬಂದು ಬೀಳುತ್ತದೆ, ಮನುಷ್ಯರ ಕೈ ಕಂಡು ಬೀದಿಯ ಬದುಕು ಮರೆತಿರುವುದರಿಂದ ಮೊದಲಿಗಿಂತ ಅಸಹಾಯಕವಾಗಿ. ಶಿಬಿರದ ದಿನ ಎಷ್ಟು ಮರಿ ಹೋದವು ಎಂದು ಲೆಕ್ಕ ಹಾಕಿ ಹಿಗ್ಗಬೇಡಿ. ಮೂರು ತಿಂಗಳ ಮೇಲೂ ಎಷ್ಟು ಮರಿ ಅದೇ ಮನೆಯಲ್ಲಿವೆ ಎನ್ನುವುದನ್ನು ಲೆಕ್ಕ ಹಾಕಿ.

ಜಾಹೀರಾತಿನ ಭಾವನೆಗೆ ಎಷ್ಟು ಬಲ ಇದೆ ಎಂದು ತಿಳಿಯಲು ಹಚ್ ಕಂಪನಿಯ ಪಗ್ ನಾಯಿಯನ್ನು ನೆನೆಸಿಕೊಳ್ಳಿ. 2003ರಲ್ಲಿ ಬಂದ ಆ ಜಾಹೀರಾತಿನಲ್ಲಿ ಒಬ್ಬ ಹುಡುಗ ಹೋದಲ್ಲೆಲ್ಲ ಪುಟ್ಟ ಪಗ್ ಹಿಂದೆಯೇ ಹೋಗುತ್ತಿತ್ತು. ಕಂಪನಿ ಮಾರಹೊರಟಿದ್ದು ಮೊಬೈಲ್ ನೆಟ್‌ವರ್ಕ್. ಜನ ಮಾತ್ರ ನಾಯಿಯನ್ನೇ ಕೇಳಿಕೊಂಡು ಹೊರಟರು, ದೇಶದ ತುಂಬ ಪಗ್ ಸಾಕುವ ಹುಚ್ಚು ಹಬ್ಬಿತು. ಆ ಚಪ್ಪಟೆ ಮೂತಿಯ ನಾಯಿಗೆ ಉಸಿರಾಟವೇ ಕಷ್ಟ, ನಮ್ಮ ಬೇಸಿಗೆಯಲ್ಲಿ ಅದು ಬೇಗ ಬಳಲಿ ಬೀಳುತ್ತದೆ ಎಂಬುದು ಜಾಹೀರಾತಿನ ಕೆಲವೇ ಸೆಕೆಂಡುಗಳಲ್ಲಿ ಕಾಣುವ ವಿಷಯವಲ್ಲ. ಸುಳ್ಳೊಂದೂ ಹೇಳದೆ, ಬರೀ ಮುದ್ದನ್ನು ತೋರಿಸಿ ಕಷ್ಟವನ್ನು ಬಿಟ್ಟದ್ದಕ್ಕೇ ಇಷ್ಟಾಯಿತು. ನೀವಂತೂ ನಾಯಿಯನ್ನೇ ಕೊಡಹೊರಟವರು, ನಿಮ್ಮ ಹೊಣೆ ಇನ್ನೂ ಹೆಚ್ಚು.

ಇದಕ್ಕೆ ಎದುರಾಗಿ ನಮ್ಮದೇ ‘777 ಚಾರ್ಲಿ’ ಇದೆ. ಕಿರಣ್‌ರಾಜ್ ನಿರ್ದೇಶಿಸಿದ, 2022ರ ಜೂನ್ 10ರಂದು ತೆರೆಗೆ ಬಂದ ಚಿತ್ರ. ಕಥೆ ಶುರುವಾಗುವುದೇ ಮೈಸೂರಿನಲ್ಲಿ. ಅದನ್ನು ನೋಡಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಕಣ್ಣೀರು ಹಾಕಿದ್ದರು. ಅಷ್ಟು ಅಳಿಸಿದ ಚಿತ್ರ ನಾಯಿಯ ಕಾಟವನ್ನು ಬಚ್ಚಿಡಲಿಲ್ಲ. ಚಾರ್ಲಿ ಮನೆಯಲ್ಲಿ ರಂಪ ಮಾಡುತ್ತದೆ, ಅದನ್ನು ಸಾಕುವ ಧರ್ಮನಿಗೆ ಸಾಕಾಗಿ ಹೋಗುತ್ತದೆ. ದುಡ್ಡಿನಾಸೆಗೆ ಒಂದೇ ರಕ್ತಸಂಬಂಧದ ನಾಯಿಗಳನ್ನು ಕೂಡಿಸಿ ಮರಿ ಹಾಕಿಸುವ ದಂಧೆಯೇ ಚಾರ್ಲಿಯ ಕಾಯಿಲೆಗೆ ಕಾರಣ ಎಂಬುದನ್ನೂ ಅದು ಬಾಯಿಬಿಟ್ಟು ಹೇಳುತ್ತದೆ. ಅಳು ಬಂದದ್ದು ನಿಜ ಸಂಗತಿಯಿಂದ, ಹಾಗಾಗಿ ನೋಡಿದವರಿಗೆ ತಿಳಿವಳಿಕೆಯೂ ಬಂತು. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ನಿಮ್ಮ ಚೀಟಿಗೆ ಚಾರ್ಲಿಯ ಫೋಟೊ ಅಂಟಿಸಬೇಡಿ. ಅದು ಲ್ಯಾಬ್ರಡಾರ್, ನಿಮ್ಮಲ್ಲಿರುವುದು ನಾಟಿ ಮರಿ. ಲ್ಯಾಬ್ರಡಾರ್ ಕೇಳಿಕೊಂಡು ಬಂದ ಮಕ್ಕಳು ನಾಟಿ ಮರಿಯ ಮುಂದೆ ಮುಖ ಸಣ್ಣಗೆ ಮಾಡಿದರೆ ತಪ್ಪು ಅವರದಲ್ಲ. “ಜರ್ಮನ್ ಶೆಫರ್ಡ್ ಮಿಕ್ಸ್” ಎಂದು ಬರೆಯುವ ಚಾಳಿಯೂ ಬೇಡ. ಎರಡು ತಿಂಗಳ ಮರಿಯ ಬಣ್ಣ ನೋಡಿ ಜಾತಿ ಹೇಳಲು ಯಾರಿಂದಲೂ ಆಗದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಹಾಗಾದರೆ ಭಾವನೆಯೇ ಬೇಡವೇ ಎಂದು ಕೇಳುತ್ತೀರಿ. ಬೇಕು, ಖಂಡಿತ ಬೇಕು. “ಬೀದಿನಾಯಿಗಳ ಸಮಸ್ಯೆ” ಎಂದು ಬರೆದರೆ ಯಾರ ಮನಸ್ಸೂ ಕದಲುವುದಿಲ್ಲ. ಒಂದೇ ಮರಿ, ಅದರದೊಂದು ಹೆಸರು, ಅದರದೇ ಒಂದು ಅಭ್ಯಾಸ ಬರೆಯಿರಿ. ನಿಮ್ಮ ಚೀಟಿಯನ್ನು ಹೀಗೆ ತಿದ್ದಿ ನೋಡೋಣ:

“ಇವಳು ಗುಂಡಿ. ವಯಸ್ಸು ಎರಡು ತಿಂಗಳು. ಯಾರು ಕೂತರೂ ಅವರ ಪಾದದ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಮೊದಲ ವಾರ ರಾತ್ರಿ ಅಳುತ್ತಾಳೆ, ಮನೆಯವರೆಲ್ಲ ಎದ್ದಿರಬೇಕಾದೀತು. ಚಪ್ಪಲಿ ಕಚ್ಚುತ್ತಾಳೆ, ಜೊತೆಯಲ್ಲಿ ಒಂದನ್ನು ಮಾತ್ರ. ಪಾರ್ವೋ ಲಸಿಕೆ ಒಂದಾಗಿದೆ, ಉಳಿದವು ಬಾಕಿ. ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ಇನ್ನು ಹತ್ತು ಹದಿನೈದು ವರ್ಷ ನಿಮ್ಮ ಜೊತೆಗಿರುತ್ತಾಳೆ. ಮನೆಯವರೆಲ್ಲರನ್ನೂ ಕೇಳಿಕೊಂಡು ಬನ್ನಿ.”

ಪಾದದ ಮೇಲೆ ತಲೆಯಿಡುವ ಮಾತು ಮುದ್ದು ಹುಟ್ಟಿಸುತ್ತದೆ, ಆದರೆ ಅದು ನೀವು ಕಣ್ಣಾರೆ ಕಂಡ ಸಂಗತಿ. ಚಪ್ಪಲಿಯ ಮಾತಿಗೆ ನಗು ಬರುತ್ತದೆ, ಆ ನಗುವಿನೊಳಗೆ ತಿಳಿಯಬೇಕಾದ ಕಾಟವೂ ಇದೆ. ಹಾಸ್ಯ ಬರೆಯುವಾಗ ಈ ಅಳತೆ ಹಿಡಿದುಕೊಳ್ಳಿ. ನಗು ತೆಗೆದರೂ ಅಲ್ಲೊಂದು ನಿಜ ಉಳಿದರೆ ಆ ಜೋಕು ಇರಲಿ, ಏನೂ ಉಳಿಯದಿದ್ದರೆ ಹೊಡೆದುಹಾಕಿ. “ಎಲ್ಲ ಲಸಿಕೆ ಆಗಿದೆ” ಎಂಬ ಸಾಲನ್ನೂ ಹೊಡೆದುಹಾಕಿ. ಎರಡು ತಿಂಗಳ ಮರಿಗೆ ಎಲ್ಲ ಲಸಿಕೆ ಆಗಿರಲು ಸಾಧ್ಯವಿಲ್ಲ. ಅದನ್ನು ನಂಬಿದವರು ಪಶು ಆಸ್ಪತ್ರೆಯ ದಾರಿ ತುಳಿಯುವುದಿಲ್ಲ. ಆಮೇಲೆ ಮರಿ ರಕ್ತಭೇದಿ ಮಾಡಿಕೊಂಡು ಊಟ ಬಿಟ್ಟಾಗ, ಅದು ಪಾರ್ವೋ ಎಂದು ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮೊದಲ ಚೀಟಿಯಲ್ಲಿ ಮರಿಯ ವಯಸ್ಸನ್ನೇ ಹಾಕಿರಲಿಲ್ಲ ನೀವು. ಎಂಟು ವಾರ ತುಂಬುವ ಮುನ್ನ ತಾಯಿಯಿಂದ ಬಿಡಿಸಬಾರದು, ಎಷ್ಟೇ ಮುದ್ದಾಗಿ ಕಂಡರೂ.

ಹಾಸ್ಯದ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ನೀವು ಎಡವುವುದು ಇಲ್ಲೇ. “ಹೆಂಡತಿಗಿಂತ ಕಡಿಮೆ ಬೊಗಳುತ್ತದೆ” ಎಂಬ ಸಾಲು ನಿಮ್ಮಲ್ಲೊಬ್ಬರು ಬರೆದಿದ್ದಾರೆ. ಮರಿಗೆ ಅನ್ನ ಹಾಕುವವಳು, ಗುಡಿಸುವವಳು ಹೆಚ್ಚಿನ ಮನೆಗಳಲ್ಲಿ ಆ ಹೆಂಡತಿಯೇ. ಒಪ್ಪಿಗೆ ಬೇಕಾದವಳನ್ನೇ ಹಂಗಿಸಿ ಅವಳ ಮನೆಗೆ ಮರಿ ಕಳಿಸುತ್ತೀರಾ? ಮರಿಗೆ ಕನ್ನಡಕ ಹಾಕಿಸಿ, ಪಂಚೆ ಸುತ್ತಿ ವಿಡಿಯೊ ಮಾಡುವುದೂ ಸಾಕು. ಬಾಲ ಕಾಲ್ಸಂದಿಗೆ ಸೇರಿದ್ದರೆ, ಕಿವಿ ಹಿಂದಕ್ಕೆ ಅಂಟಿದ್ದರೆ, ಮತ್ತೆಮತ್ತೆ ತುಟಿ ನೆಕ್ಕುತ್ತಿದ್ದರೆ ಅದು ಹೆದರಿದೆ ಎಂದೇ ಅರ್ಥ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಆಗಬಾರದು.

ಎಲ್ಲಕ್ಕಿಂತ ಅಪಾಯದ್ದು “ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್” ಎಂಬ ಹಳೆಯ ತಮಾಷೆ. ಆ ಕಾಲ ಹೋಗಿ ಬಹಳ ದಿನವಾಯಿತು. ಈಗ ಚುಚ್ಚುವುದು ತೋಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ಪದರದೊಳಗೆ ಕೊಡುವ ಲಸಿಕೆ ಮೊದಲ ದಿನ, ಆಮೇಲೆ ಮೂರು, ಏಳು ಮತ್ತು ಇಪ್ಪತ್ತೆಂಟನೆಯ ದಿನ. ನೀವು ನಗಿಸಿದ ಹದಿನಾಲ್ಕಕ್ಕೆ ಹೆದರಿ ಒಂದು ಮಗು ಪರಚಿದ ಗಾಯವನ್ನು ಮನೆಯಲ್ಲಿ ಮುಚ್ಚಿಟ್ಟರೆ ಮುಂದೇನು? ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆ ಜೋಕಿನ ಜಾಗದಲ್ಲಿ, ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಎಂದು ಬರೆಯಿರಿ. ನಾಯಿಗೆ ಹೆದರುವವರನ್ನು ಹೇಡಿ ಎಂದು ಗೇಲಿ ಮಾಡುವುದೂ ಬೇಡ. ಅವರ ಹೆದರಿಕೆಗೆ ಕಾರಣ ಇದ್ದೇ ಇರುತ್ತದೆ.

ಹೆಣ್ಣು ಮರಿಗಳ ವಿಷಯದಲ್ಲಿ ಮಾತ್ರ ಕನಿಕರದ ಮಾತು ಕೆಲಸಕ್ಕೆ ಬಾರದು. ಗಂಡು ಮರಿಗಳು ಮೊದಲು ಹೋಗುತ್ತವೆ, ಹೆಣ್ಣು ಮರಿ ಬುಟ್ಟಿಯಲ್ಲೇ ಉಳಿಯುತ್ತದೆ. ಜನಕ್ಕೆ ಕರುಣೆ ಇಲ್ಲವೆಂದಲ್ಲ, ವರ್ಷಕ್ಕೆ ಎರಡು ಸಲ ಮರಿ ಹಾಕಿದರೆ ಎಲ್ಲಿಡುವುದು ಎಂಬ ಚಿಂತೆ ಅವರಿಗೆ. “ಹೆಣ್ಣೆಂದು ದೂಡಬೇಡಿ” ಎಂದು ಅಳುವ ಬದಲು ಆರು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲಿ ಮಾಡಿಸುವುದು, ಕರೆದುಕೊಂಡು ಹೋಗುವವರು ಯಾರು, ಖರ್ಚು ಯಾರದು ಎಂದು ಪಶುವೈದ್ಯರನ್ನು ಮೊದಲೇ ವಿಚಾರಿಸಿ ಚೀಟಿಯಲ್ಲಿ ಹಾಕಿ. ಆ ಒಂದು ಸಾಲು ಮರಿಯನ್ನು ಬುಟ್ಟಿಯಿಂದ ಎತ್ತಿಸುತ್ತದೆ.

ನಮ್ಮ ಕಡೆಗೇ ಸೇರಿದ ಎರಡು ವಿಷಯ ಮರೆಯಬೇಡಿ. “ರಾತ್ರಿಯಿಡೀ ಬ್ಯಾರನ್ ಕಾಯುವ ವೀರ” ಎಂದು ಬರೆದರೆ ಹೊಗೆಸೊಪ್ಪಿನವರು ಮರಿಯನ್ನು ಒಯ್ದು ಹೊರಗೆ ಸರಪಳಿ ಬಿಗಿಯುತ್ತಾರೆ. ನಾಗರಹೊಳೆಯ ಅಂಚಿನ ಈ ತಾಲೂಕುಗಳಲ್ಲಿ ಕಟ್ಟಿಹಾಕಿದ ನಾಯಿ ಚಿರತೆಗೆ ಸುಲಭದ ತುತ್ತು. ಬ್ಯಾರನ್ ಬಳಿ ಬಿದ್ದ ಹೊಗೆಸೊಪ್ಪು ಮೆದ್ದರೆ ಮರಿಗೆ ಅದೂ ವಿಷವೇ. ರಾತ್ರಿ ಒಳಗೆ ಮಲಗಿಸುವವರಿಗೆ ಮಾತ್ರ ಕೊಡುತ್ತೇವೆ ಎಂದು ಚೀಟಿಯಲ್ಲೇ ಹೇಳಿಬಿಡಿ.

ಕಾನೂನಿನ ಮಾತನ್ನೂ ಒಂದು ಸಾಲಿನಲ್ಲಿ ಸೇರಿಸಿ. ದತ್ತು ಪಡೆದ ಬೀದಿನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ದತ್ತು ಪಡೆದವರ ಹೊಣೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಇದನ್ನು ಬೆದರಿಕೆಯ ದನಿಯಲ್ಲಿ ಬರೆಯಬೇಡಿ, ಆಗದಿದ್ದರೆ ನಮಗೇ ವಾಪಸ್ ಕೊಡಿ, ಯಾರೂ ಬೈಯುವುದಿಲ್ಲ ಎಂಬ ಮಾತಿನ ಜೊತೆಗೆ ಬರೆಯಿರಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಹಾಗೆ ಮರಿ ಕೊಟ್ಟು ಕೈತೊಳೆದುಕೊಂಡರೆ, ಸಾಕಲಾಗದವರು ನಾಚಿಕೆಗೆ ಕತ್ತಲಲ್ಲಿ ಬಿಟ್ಟುಬರುತ್ತಾರೆ.

ಚೀಟಿಯ ಕೆಳಗಿನ ಫೋನ್ ನಂಬರು ಮೂರು ತಿಂಗಳು ತಪ್ಪದೆ ಕರೆ ಎತ್ತುವವರದಾಗಿರಲಿ. ಮರಿ ಹೋದ ಮೂರನೆಯ ದಿನ, ಆಮೇಲೆ ಲಸಿಕೆಯ ಹೊತ್ತಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ಎಲ್ಲ ಮರಿಗಳಿಗೂ ಮನೆ ಸಿಕ್ಕ ದಿನ ಗೋಡೆಯ ಚೀಟಿಗಳನ್ನು ಕಿತ್ತುಹಾಕಿ, ವಾಟ್ಸ್ಆ್ಯಪ್ ಗುಂಪುಗಳಿಗೂ ತಿಳಿಸಿ. ಹಾಗೇ ಬಿಟ್ಟರೆ ಪಿರಿಯಾಪಟ್ಟಣ, ಕೆ.ಆರ್. ನಗರದವರೆಗೂ ಆ ಫೋಟೊ ಸುತ್ತುತ್ತಲೇ ಇರುತ್ತದೆ, ಜನ ಹೊಸ ಮರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟು ನಿಮ್ಮ ಬಾಗಿಲಿಗೇ ತಂದುಬಿಡುತ್ತಾರೆ.