ಯಾರ ಐಎಸ್‌ಟಿ? ಕಾಣದ ಕಂಪ್ಯೂಟರ್‌ಗೆ ಸೆಟಪ್ ಟಿಪ್ಪಣಿ ಬರೆಯೋದು

ನಾನಿರೋದು ಡಬ್ಲಿನ್‌ನ ದಕ್ಷಿಣಕ್ಕಿರುವ ಸ್ಯಾಂಡಿಫರ್ಡ್‌ನಲ್ಲಿ. ಇಲ್ಲಿ ಬೇಸಿಗೆಯಲ್ಲಿ ಕಂಪ್ಯೂಟರನ್ನು ಸಮಯ ಕೇಳಿದರೆ ಗಂಟೆಯ ಪಕ್ಕದಲ್ಲಿ ಐಎಸ್‌ಟಿ ಅಂತ ಬರುತ್ತೆ. ಬೆಂಗಳೂರಿನ ಕಂಪ್ಯೂಟರ್‌ನಲ್ಲೂ ಐಎಸ್‌ಟಿ ಅಂತಾನೇ ಬರುತ್ತೆ. ಅಕ್ಷರ ಮೂರೂ ಒಂದೇ, ಆದರೆ ಒಂದು ಐರಿಶ್ ಸ್ಟ್ಯಾಂಡರ್ಡ್ ಟೈಮ್, ಇನ್ನೊಂದು ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್. ನಡುವೆ ನಾಲ್ಕೂವರೆ ಗಂಟೆ ಅಂತರ. ಇಸ್ರೇಲಿನವರಿಗೂ ಒಂದು ಐಎಸ್‌ಟಿ ಇದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಏನೂ ಬದಲಾಯಿಸದೆ ಐಎಸ್‌ಟಿ ಅಂದರೆ ಅದು ಅರ್ಥಮಾಡಿಕೊಳ್ಳೋದು ಇಸ್ರೇಲಿನ ಸಮಯವನ್ನೇ.

ಇವತ್ತಿನ ಪಾಠ ಈ ಮೂರು ಅಕ್ಷರಗಳ ಮೇಲೆ. ಒಂದು ಪ್ರೋಗ್ರಾಂ ಬರೆದು ಬೇರೆಯವರಿಗೆ ಕೊಡುವಾಗ ಜೊತೆಗೊಂದು ಸೆಟಪ್ ಟಿಪ್ಪಣಿ ಬರೀತೀವಲ್ಲ, ಅದು ಯಾವ ಕಂಪ್ಯೂಟರ್‌ನಲ್ಲಿ ಓಡುತ್ತೋ ನಮಗೆ ಗೊತ್ತಿರೋದಿಲ್ಲ. ಹಾಗಿರುವಾಗ ಟಿಪ್ಪಣಿಯಲ್ಲಿ ಏನನ್ನು ಬರೆಯಲೇಬೇಕು? ಯಾವುದನ್ನು ಓದುಗರಿಗೋ ಯಂತ್ರಕ್ಕೋ ಊಹಿಸಲು ಬಿಡಬಹುದು?

ಒಂದು ಉದಾಹರಣೆ ಕಟ್ಟೋಣ. ಆಗುಂಬೆಯ ಒಂದು ಹಳ್ಳದ ಪಕ್ಕದಲ್ಲಿ ಕಪ್ಪೆಗಳ ಕೂಗು ಹಿಡಿಯಲು ಧ್ವನಿ ರೆಕಾರ್ಡರ್ ಕಟ್ಟಿದ್ದಾರೆ ಅಂದುಕೊಳ್ಳಿ. ಅದು ಪ್ರತಿ ಕಡತಕ್ಕೂ ದಿನ ಮತ್ತು ಗಂಟೆಯನ್ನೇ ಹೆಸರಾಗಿ ಕೊಡುತ್ತೆ: `20240615_191000.WAV`. ಅಂದರೆ 2024ರ ಜೂನ್ 15, ಸಂಜೆ 7 ಗಂಟೆ 10 ನಿಮಿಷ. ಆಗುಂಬೆಯಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗೋದು ಏಳು ಗಂಟೆಯ ಆಸುಪಾಸಿಗೆ. ಹಾಗಾಗಿ ಇದು ಮುಸ್ಸಂಜೆಯ ಕೂಗು. ಆದರೆ ಹೆಸರಿನಲ್ಲಿ ಗಂಟೆ ಇದೆ, ಯಾವ ಊರಿನ ಗಂಟೆ ಅನ್ನೋದು ಇಲ್ಲ.

ಈಗ ಬೆಂಗಳೂರಿನಲ್ಲಿ ಕೂತವರೊಬ್ಬರು ಈ ಹೆಸರನ್ನು ಓದಿ ಸಮಯ ಲೆಕ್ಕ ಹಾಕುವ ಚಿಕ್ಕ ಪೈಥಾನ್ ಪ್ರೋಗ್ರಾಂ ಬರೀತಾರೆ. ಅದರ ತಿರುಳು ಇಷ್ಟೇ:

```python
from datetime import datetime
t = datetime.strptime("20240615_191000", "%Y%m%d_%H%M%S")
print(t.timestamp())
```

ನೋಡೋಕೆ ತಪ್ಪೇನಿಲ್ಲ. ಆದರೆ ಕೊನೆಯ ಸಾಲಿನಲ್ಲಿ ಸದ್ದಿಲ್ಲದೆ ಒಂದು ಊಹೆ ನಡೆಯುತ್ತೆ. `t` ಅನ್ನೋದಕ್ಕೆ ಸಮಯ ವಲಯ ಇಲ್ಲದ ಕಾರಣ, ಪೈಥಾನ್ ತಾನು ಓಡುತ್ತಿರುವ ಕಂಪ್ಯೂಟರ್‌ನ ವಲಯವನ್ನೇ ಹಿಡಿದುಕೊಳ್ಳುತ್ತೆ. ಬೆಂಗಳೂರಿನ ಲ್ಯಾಪ್‌ಟಾಪ್‌ನಲ್ಲಿ ಈ ಊಹೆ ಸರಿ. ಅದೇ ಕಡತ, ಅದೇ ಪ್ರೋಗ್ರಾಂ ಡಬ್ಲಿನ್‌ಗೆ ಬಂದರೆ, 7:10 ಅನ್ನೋದು ಐರಿಶ್ ಬೇಸಿಗೆ ಸಮಯ ಆಗುತ್ತೆ. ಭಾರತದ ಲೆಕ್ಕದಲ್ಲಿ ಅದು ರಾತ್ರಿ 11:40. ಇನ್ನು ಸರ್ವರ್ ಮೇಲಿನ ಕಂಟೇನರ್‌ನಲ್ಲಿ ಓಡಿಸಿದರೆ, ಅಲ್ಲಿ ಸಾಮಾನ್ಯವಾಗಿ ಯುಟಿಸಿ ಇರೋದರಿಂದ ನಡುರಾತ್ರಿ ದಾಟಿ 12:40. ಒಂದೇ ಕಪ್ಪೆ ಮೂರು ಯಂತ್ರಗಳಲ್ಲಿ ಮೂರು ಹೊತ್ತಿಗೆ ಕೂಗಿದ ಹಾಗಾಯ್ತು. ಪ್ರೋಗ್ರಾಂ ಎಲ್ಲೂ ದೋಷದ ಸಂದೇಶ ಕೊಡಲಿಲ್ಲ ಅನ್ನೋದನ್ನು ಗಮನಿಸಿ.

ಬರೀ ಗಂಟೆ ಜರುಗಿದ್ದರೆ ಯಾರಾದರೂ ಬೇಗ ಪತ್ತೆ ಹಚ್ಚುತ್ತಿದ್ದರೇನೋ. ಇದರಲ್ಲಿ ಇನ್ನೊಂದು ಬಲೆ ಇದೆ. ಐರ್ಲೆಂಡ್‌ನಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಬದಲಾಗುತ್ತೆ. 2024ರಲ್ಲಿ ಅದು ಹಿಂದಕ್ಕೆ ಹೋಗಿದ್ದು ಅಕ್ಟೋಬರ್ 27ರಂದು. ಅಕ್ಟೋಬರ್ 26ರ ಸಂಜೆ 7:10ರ ಕಡತ ಡಬ್ಲಿನ್ ಲ್ಯಾಪ್‌ಟಾಪ್‌ನಲ್ಲಿ ಭಾರತದ ರಾತ್ರಿ 11:40 ಆಗುತ್ತೆ. ಮಾರನೇ ದಿನದ 7:10ರ ಕಡತ 12:40 ಆಗುತ್ತೆ, ಅಷ್ಟೇ ಅಲ್ಲ, ತಾರೀಖೂ 28ಕ್ಕೆ ಜಾರುತ್ತೆ. ನಕ್ಷೆ ಬಿಡಿಸಿದರೆ, ಮಳೆಗಾಲ ಮುಗಿಯುತ್ತಿದ್ದ ಹಾಗೆ ಕಪ್ಪೆಗಳು ಒಂದು ಗಂಟೆ ತಡವಾಗಿ ಕೂಗಲು ಶುರುಮಾಡಿದವು ಅಂತ ಕಾಣುತ್ತೆ. ಋತು ಬದಲಾದಾಗ ನಡವಳಿಕೆ ಬದಲಾಯಿತು ಅನ್ನೋದು ಜೀವಶಾಸ್ತ್ರದವರಿಗೆ ಬಹಳ ರುಚಿಸುವ ವಿಷಯ. ಅದಕ್ಕೇ ಇದು ಅಪಾಯ. ಆಗುಂಬೆಯ ಕಪ್ಪೆಗೆ ಡಬ್ಲಿನ್‌ನ ಗಡಿಯಾರ ಯಾಕೆ ಗೊತ್ತಿರಬೇಕು? ನಿಜವಾದ ಋತು ಬದಲಾವಣೆ ವಾರಗಟ್ಟಲೆ ನಿಧಾನಕ್ಕೆ ಜರುಗುತ್ತೆ. ಅಕ್ಟೋಬರ್‌ನ ಕೊನೆಯ ಭಾನುವಾರ ಒಂದೇ ರಾತ್ರಿಯಲ್ಲಿ ಸರಿಯಾಗಿ ಅರವತ್ತು ನಿಮಿಷ ಜಿಗಿದರೆ ಅದು ಗಡಿಯಾರದ ಕೆಲಸ.

ಸರಿ, ಈಗ ಟಿಪ್ಪಣಿಗೆ ಬರೋಣ. ಬಹಳ ಸಲ ಕಾಣುವ ಸಾಲು ಹೀಗಿರುತ್ತೆ: “ಕಂಪ್ಯೂಟರಿನ ಸಮಯ ಐಎಸ್‌ಟಿಯಲ್ಲಿರಬೇಕು.” ಇದರಲ್ಲಿ ಎರಡು ತಪ್ಪಿದೆ. ಡಬ್ಲಿನ್‌ನಲ್ಲಿ ಜೂನ್ ತಿಂಗಳಲ್ಲಿ ಓದಿದವರು ತಮ್ಮ ಗಡಿಯಾರ ನೋಡಿ “ಓ, ಇದೆಯಲ್ಲ” ಅಂತ ಮುಂದೆ ಹೋಗ್ತಾರೆ. ಲಿನಕ್ಸ್ ಬಲ್ಲ ಇನ್ನೊಬ್ಬರು `TZ=IST` ಅಂತ ಟೈಪ್ ಮಾಡ್ತಾರೆ. ಸಾಮಾನ್ಯ ಲಿನಕ್ಸ್‌ನಲ್ಲಿ ಹಾಗೆ ಕೊಟ್ಟರೆ ಆ ಹೆಸರಿನ ವಲಯ ಸಿಗದೆ, ಯುಟಿಸಿ ಗಂಟೆಗೇ ಐಎಸ್‌ಟಿ ಅಂತ ಚೀಟಿ ಅಂಟಿಸಿ ತೋರಿಸುತ್ತೆ. ತೆರೆಯ ಮೇಲೆ ಹೆಸರು ಸರಿ, ಸಮಯ ತಪ್ಪು.

ಎರಡನೇ ತಪ್ಪು ಇನ್ನೂ ಆಳದ್ದು. ಆ ಸಾಲು ಓದುಗರ ಕಂಪ್ಯೂಟರ್ ಹೇಗಿರಬೇಕು ಅಂತ ಹೇಳುತ್ತೆ. ಹೇಳಬೇಕಿದ್ದಿದ್ದು ರೆಕಾರ್ಡರ್‌ನ ಗಡಿಯಾರ ಹೇಗಿತ್ತು ಅನ್ನೋದನ್ನು. ಕಂಪ್ಯೂಟರಿನ ವಲಯವನ್ನು ಯಂತ್ರವನ್ನೇ ಕೇಳಿದರೆ ಹೇಳುತ್ತೆ, ಅದಕ್ಕೆ ಟಿಪ್ಪಣಿ ಬೇಡ. ರೆಕಾರ್ಡರ್ ಕಟ್ಟಿದ ದಿನ ಅದರ ಗಡಿಯಾರವನ್ನು ಯಾವ ವಲಯಕ್ಕೆ ಇಟ್ಟರು ಅನ್ನೋದು ಮಾತ್ರ ಓದುಗರ ಯಂತ್ರದೊಳಗೆ ಇಲ್ಲ. ಅದು ಕಟ್ಟಿದವರ ತಲೆಯಲ್ಲಿದೆ. ಟಿಪ್ಪಣಿಯ ಜಾಗ ಇರೋದು ಅಂಥ ವಿಷಯಕ್ಕೆ.

ಇಲ್ಲೊಂದು ಪ್ರಶ್ನೆ ಬರಬಹುದು: ಜಾಗದ ಅಕ್ಷಾಂಶ ರೇಖಾಂಶ ಕೊಟ್ಟಿದ್ದೀವಲ್ಲ, ವಲಯ ಅದರಿಂದಲೇ ಊಹಿಸಬಾರದಾ? ಆಗುಂಬೆಯ ವಲಯ ಯಾವುದು ಅಂತ ಊಹಿಸಬಹುದು. ರೆಕಾರ್ಡರ್‌ನ ವಲಯವನ್ನು ಊಹಿಸೋಕಾಗಲ್ಲ. ಎಷ್ಟೋ ಜನ ಗೊಂದಲ ಬೇಡ ಅಂತ ಗಡಿಯಾರವನ್ನು ಯುಟಿಸಿಗೇ ಇಡ್ತಾರೆ. ಎರಡೂ ಒಪ್ಪುವಂಥ ಪದ್ಧತಿಗಳೇ. ನೋಡಿದ ಮಾತ್ರಕ್ಕೆ ಕಡತದ ಹೆಸರು ಯಾವುದು ಅಂತ ಹೇಳೋದಿಲ್ಲ.

ಸ್ಯಾಂಡಿಫರ್ಡ್ ಹಿಂದಿನ ತ್ರೀ ರಾಕ್ ಬೆಟ್ಟದ ಮೇಲೆ ಬಾವಲಿಗಳ ಸದ್ದಿಗೆ ಇದೇ ರೆಕಾರ್ಡರ್ ಕಟ್ಟಿದರೆ ಇನ್ನೂ ಸೂಕ್ಷ್ಮ. ಜೂನ್‌ನಲ್ಲಿ ಇಲ್ಲಿನ ಕೈಗಡಿಯಾರ ನೋಡಿ ಸಮಯ ಹೊಂದಿಸಿ ಬಂದಿರಿ ಅನ್ನಿ. ತಾನಾಗಿ ಬದಲಾಗದ ರೆಕಾರ್ಡರ್ ಆದರೆ ನವೆಂಬರ್‌ನಲ್ಲೂ ಅದು ಬೇಸಿಗೆ ಸಮಯದಲ್ಲೇ ಓಡುತ್ತಿರುತ್ತೆ. ಆಗ `Europe/Dublin` ಅಂತ ಬರೆದರೆ ಚಳಿಗಾಲದ ಕಡತಗಳೆಲ್ಲ ಒಂದು ಗಂಟೆ ತಪ್ಪು. ಅಲ್ಲಿ ಬರೆಯಬೇಕಾದ್ದು ಸ್ಥಿರ ಅಂತರ, ಅಂದರೆ `UTC+01:00`. ಭಾರತದಲ್ಲಿ ಗಡಿಯಾರ ಬದಲಾಗದ ಕಾರಣ ಊರಿನ ಹೆಸರು ಬರೆದರೂ ಒಂದೇ, ಅಂತರ ಬರೆದರೂ ಒಂದೇ. ಐರ್ಲೆಂಡ್‌ನಲ್ಲಿ ಅವೆರಡೂ ಬೇರೆ.

ಇಲ್ಲಿನ ಗಡಿಯಾರಕ್ಕೆ ಇನ್ನೊಂದು ವಿಚಿತ್ರವೂ ಇದೆ. 1968ರ ಕಾನೂನು ಯುಟಿಸಿಗಿಂತ ಒಂದು ಗಂಟೆ ಮುಂದಿನ ಸಮಯವನ್ನೇ ಐರ್ಲೆಂಡ್‌ನ ಪ್ರಮಾಣ ಸಮಯ ಮಾಡಿತು. 1971ರ ತಿದ್ದುಪಡಿ ಚಳಿಗಾಲದಲ್ಲಿ ಮಾತ್ರ ಅದನ್ನು ಒಂದು ಗಂಟೆ ಹಿಂದಿಟ್ಟಿತು. ಅಂದರೆ ಕಾನೂನಿನ ಪ್ರಕಾರ ಇಲ್ಲಿ ಬೇಸಿಗೆಯದ್ದೇ ಪ್ರಮಾಣ, ಚಳಿಗಾಲದ್ದು ವಿನಾಯಿತಿ. ಬಹಳಷ್ಟು ಕಂಪ್ಯೂಟರ್‌ಗಳು ಬಳಸುವ ವಲಯಗಳ ದತ್ತಾಂಶದಲ್ಲಿ 2018ರಲ್ಲಿ ಇದನ್ನು ಇದ್ದ ಹಾಗೆ ಬರೆದಾಗ, “ಉಳಿತಾಯದ ಗಂಟೆ” ಋಣಾತ್ಮಕ ಆಗಬಹುದು ಅಂತ ಎಣಿಸದೇ ಇದ್ದ ಕೆಲವು ತಂತ್ರಾಂಶಗಳು ಎಡವಿದವು. ಆದ್ದರಿಂದ “ಬೇಸಿಗೆ ಸಮಯ ಇದೆ” ಅಥವಾ “ಇಲ್ಲ” ಅಂತ ಟಿಪ್ಪಣಿಯಲ್ಲಿ ಬರೆಯೋದೂ ಸಾಲದು. ಯುಟಿಸಿಯಿಂದ ಎಷ್ಟು ಗಂಟೆ ಅಂತ ಅಂಕಿಯಲ್ಲೇ ಬರೀರಿ.

ಹಾಗಾದರೆ ಇಡೀ ಟಿಪ್ಪಣಿ ಎಷ್ಟು ಉದ್ದ ಇರಬೇಕು? ಸಮಯದ ಮಟ್ಟಿಗೆ ನಾಲ್ಕು ಸಾಲು ಸಾಕು:

```text
Recorder clock: UTC+05:30, never changes
File name time: start of recording
Output time: UTC
Check: 20240615_191000.WAV -> 2024-06-15T13:40:00Z
```

ಮೊದಲ ಎರಡು ಸಾಲು ಬರೆದವರಿಗೆ ಮಾತ್ರ ಗೊತ್ತಿರುವ ಸಂಗತಿ. ಹೆಸರಿನಲ್ಲಿರೋದು ಧ್ವನಿ ಶುರುವಾದ ಸಮಯವೋ ಮುಗಿದ ಸಮಯವೋ ಅನ್ನೋದನ್ನೂ ಯಾರೂ ಊಹಿಸೋಕಾಗಲ್ಲ. ಮೂರನೇ ಸಾಲು ಪ್ರೋಗ್ರಾಂ ಕೊಡುವ ಮಾತು. ನಾಲ್ಕನೇ ಸಾಲಿಗೆ ಹೆಚ್ಚು ಬೆಲೆ, ಯಾಕಂದರೆ ಅದು ಓದುಗರ ಕೈಯಲ್ಲಿ ಒಂದು ಒರೆಗಲ್ಲು. ಉತ್ತರ 13:40 ಬಂದರೆ ಸರಿ. 18:10 ಬಂದರೆ ಡಬ್ಲಿನ್ ವಲಯ ಒಳಗೆ ನುಸುಳಿದೆ. 19:10 ಬಂದರೆ ಗಂಟೆಯನ್ನು ಯುಟಿಸಿ ಅಂತಲೇ ಓದಿದೆ. ತಪ್ಪಾಗಿದೆ ಅನ್ನೋದರ ಜೊತೆಗೆ ಎಲ್ಲಿ ತಪ್ಪಾಗಿದೆ ಅಂತಲೂ ಅಂಕಿಯೇ ಹೇಳುತ್ತೆ.

ಆದರೆ ಬೆಂಗಳೂರಿನಲ್ಲಿ ಕೂತು ಈ ಪರೀಕ್ಷೆ ಮಾಡಿದರೆ ಹಳೆಯ, ತಪ್ಪಾದ ಪ್ರೋಗ್ರಾಂ ಕೂಡ 13:40 ಅಂತಲೇ ಹೇಳುತ್ತೆ! ಹಾಗಾಗಿ ಬರೆದವರು ಬೇರೆ ಊರಿನ ವೇಷ ಹಾಕಿ ನೋಡಬೇಕು. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ, ಪ್ರೋಗ್ರಾಂನ ಹೆಸರು `convert.py` ಆಗಿದ್ದರೆ, ಹೀಗೆ:

```sh
TZ=Europe/Dublin python3 convert.py
```

ಆಗಲೂ 13:40 ಬಂದರೆ, ಪ್ರೋಗ್ರಾಂ ಯಂತ್ರದ ವಲಯವನ್ನು ನಂಬಿ ಕೂತಿಲ್ಲ ಅಂತ ಅರ್ಥ.

ಬರೆಯದೆ ಬಿಡಬೇಕಾದ್ದೂ ಇದೆ. ವಲಯಗಳನ್ನು ಹೆಸರಿನಿಂದ ಹುಡುಕಲು ಪೈಥಾನ್ 3.9ರಿಂದ `zoneinfo` ಅನ್ನೋ ಭಾಗ ಇದೆ. ವಿಂಡೋಸ್‌ನಲ್ಲಿ ಅದಕ್ಕೆ ಬೇಕಾದ ದತ್ತಾಂಶ ಇರೋದಿಲ್ಲ, `tzdata` ಅಂತ ಬೇರೆ ಪ್ಯಾಕೇಜ್ ಬೇಕು. “ವಿಂಡೋಸ್‌ನವರು ಇದನ್ನು ಹಾಕಿಕೊಳ್ಳಿ” ಅಂತ ಬರೆಯೋಣ ಅನ್ನಿಸುತ್ತೆ. ಬೇಡ. ಪ್ರೋಗ್ರಾಂನ ಅವಲಂಬನೆಗಳ ಪಟ್ಟಿಯಲ್ಲೇ ಅದನ್ನು ಹೇಳಬಹುದು:

```text
tzdata; sys_platform == "win32"
```

ಯಾವ ಯಂತ್ರ ಅಂತ `pip` ತಾನೇ ನೋಡಿ ಬೇಕಾದ್ದನ್ನು ತರುತ್ತೆ. ಯಂತ್ರಕ್ಕೆ ತಿಳಿಯುವುದನ್ನು ನಾವು ಬರೆದಿಟ್ಟರೆ, ಯಂತ್ರ ಬದಲಾದ ದಿನ ಟಿಪ್ಪಣಿ ಸುಳ್ಳಾಗುತ್ತೆ. ನಮ್ಮ ಲ್ಯಾಪ್‌ಟಾಪ್‌ನ ಫೋಲ್ಡರ್ ದಾರಿ, ಅದರಲ್ಲಿ ಎಷ್ಟು ಕೋರ್ ಇವೆ ಅನ್ನೋದು, ಇವೆಲ್ಲ ಅದೇ ಜಾತಿಗೆ ಸೇರಿದ್ದು.

ಕೊನೆಗೆ, ಟಿಪ್ಪಣಿಯಲ್ಲಿ ರೆಕಾರ್ಡರ್‌ನ ವಲಯ ಇಲ್ಲದೇ ಇದ್ದರೆ? ಆಗ ಪ್ರೋಗ್ರಾಂ ಊಹಿಸಬಾರದು, ನಿಂತು ಕೇಳಬೇಕು. ಒಂದು ಗಂಟೆ ಹುಡುಕಾಡಿ ರೆಕಾರ್ಡರ್ ಕಟ್ಟಿದವರಿಗೆ ಫೋನ್ ಮಾಡೋದು, ಇಡೀ ವರ್ಷದ ಕೂಗುಗಳನ್ನು ತಪ್ಪು ಹೊತ್ತಿಗೆ ಬರೆದಿಡೋದಕ್ಕಿಂತ ಅಗ್ಗ. ಅವರೂ ಸಿಗದಿದ್ದರೆ ಕಡತಗಳಲ್ಲೇ ಒಂದು ಸಾಕ್ಷಿ ಇದೆ. ಬೆಳಗಿನ ಹಕ್ಕಿಗಳ ಗದ್ದಲ ಯಾವ ಗಂಟೆಯ ಕಡತದಲ್ಲಿ ಶುರುವಾಗುತ್ತೆ ಅಂತ ಕೇಳಿ ನೋಡಿ. ಜೂನ್‌ನಲ್ಲಿ ಆಗುಂಬೆಯಲ್ಲಿ ಸೂರ್ಯ ಹುಟ್ಟೋದು ಆರರ ಸುಮಾರಿಗೆ. ಗದ್ದಲ ಆ ಹೊತ್ತಿನ ಕಡತಗಳಲ್ಲೇ ಇದ್ದರೆ ಗಡಿಯಾರ ಭಾರತದ್ದು, ನಡುರಾತ್ರಿ 12ರ ಸುಮಾರಿನ ಕಡತಗಳಲ್ಲಿದ್ದರೆ ಯುಟಿಸಿ. ಐದೂವರೆ ಗಂಟೆಯ ತಪ್ಪನ್ನು ಹಕ್ಕಿಗಳು ಹಿಡಿದುಕೊಡುತ್ತವೆ. ಹತ್ತು ನಿಮಿಷದ ತಪ್ಪನ್ನು ಹಿಡಿದುಕೊಡೋದಿಲ್ಲ. ಹಾಗಾಗಿ ಅದು ಪರೀಕ್ಷೆಗೆ ಸಾಕು, ಟಿಪ್ಪಣಿಯ ಬದಲಿಗೆ ಸಾಲದು.