ರಕ್ತದೊತ್ತಡ ಉಳ್ಳವರಿಗೆ ಮೂತ್ರದ ಅಲ್ಬುಮಿನ್ ಪರೀಕ್ಷೆ: ಒಂದೇ ಚೀಟಿ ಏಕೆ ಸಾಲದು?



ಗರ್ಭಿಣಿಯರ ತಾಯಿ ಕಾರ್ಡ್‌ನಲ್ಲಿ ಮೂತ್ರದ ಅಲ್ಬುಮಿನ್ ಫಲಿತಾಂಶವನ್ನು ಬರೆಯುವುದನ್ನು ತಾವು ನೋಡಿರುತ್ತೀರಿ. ಅಧಿಕ ರಕ್ತದೊತ್ತಡವಿರುವ ಇತರರಿಗೂ ಈ ಪರೀಕ್ಷೆ ಅಗತ್ಯವೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಮಾಡಿಸಿಕೊಂಡವರೂ ಒಂದು ಬಾರಿಯ ಫಲಿತಾಂಶವನ್ನೇ ಅಂತಿಮವೆಂದು ಭಾವಿಸುತ್ತಾರೆ. ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ನಡೆದ ಆರೋಗ್ಯ ಶಿಬಿರದ ಎರಡು ಪ್ರಕರಣಗಳ ಮೂಲಕ ಈ ವಿಷಯವನ್ನು ವಿವರಿಸಬಯಸುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಮೊದಲನೆಯವರು ಕೃಷಿ ಕಾರ್ಮಿಕ ಮಹಿಳೆ. ಅಂದು ಅವರ ರಕ್ತದೊತ್ತಡ 170/100 ಇತ್ತು, ಮೂತ್ರದ ಚೀಟಿಯಲ್ಲಿ ‘ಅಲ್ಬುಮಿನ್ +’ ಎಂದಿತ್ತು. ಮೂತ್ರಪಿಂಡವೇ ಕೆಟ್ಟಿತೆಂದು ಮನೆಯವರು ಕಂಗಾಲಾದರು. ಎರಡನೆಯವರು ಆರು ವರ್ಷಗಳಿಂದ ರಕ್ತದೊತ್ತಡವಿರುವ ನಮ್ಮ ನೀರುಗಂಟಿ. ಅವರ ಚೀಟಿಯಲ್ಲಿ ‘ನಿಲ್’ ಎಂದಿತ್ತು. ಅವರು ನೆಮ್ಮದಿಯಿಂದ ಮನೆಗೆ ಹೋದರು. ಮೂರು ತಿಂಗಳ ನಂತರ ತಿಳಿದ ಸತ್ಯ ಇದಕ್ಕೆ ವಿರುದ್ಧವಾಗಿತ್ತು.

ಪರೀಕ್ಷೆ ಪತ್ತೆ ಹಚ್ಚುವುದೇನನ್ನು?

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಬಹುಪಾಲು ರಕ್ತಕ್ಕೇ ಮರಳಿ, ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬರುತ್ತದೆ. ಅಲ್ಬುಮಿನ್ ಎಂಬುದು ರಕ್ತದಲ್ಲಿರುವ ಪ್ರೋಟೀನು. ಅದರ ಕಣ ದೊಡ್ಡದಾದ್ದರಿಂದ ಆರೋಗ್ಯವಂತ ಶೋಧಕವನ್ನು ದಾಟುವುದು ಅತ್ಯಲ್ಪ.

ನಮ್ಮ ಶುದ್ಧ ಕುಡಿಯುವ ನೀರಿನ ಘಟಕವನ್ನು ನೆನಪಿಸಿಕೊಳ್ಳಿ. ಪೊರೆ ಹಾಳಾದರೂ ನಲ್ಲಿಯಿಂದ ನೀರು ಬರುತ್ತಲೇ ಇರುತ್ತದೆ, ನೋಡಲು ತಿಳಿಯಾಗಿಯೂ ಇರುತ್ತದೆ. ಆದರೆ ದಾಟಬಾರದ ಲವಣ ದಾಟಿರುವುದನ್ನು ಮೀಟರ್ ತೋರಿಸುತ್ತದೆ. ಹಾಗೆಯೇ ವರ್ಷಗಟ್ಟಲೆ ಹೆಚ್ಚಿನ ಒತ್ತಡಕ್ಕೆ ಸಿಕ್ಕಿದ ಶೋಧಕಗಳು ಸಡಿಲಗೊಂಡು ಅಲ್ಬುಮಿನ್ ಸೋರತೊಡಗುತ್ತದೆ. ಈ ಹಂತದಲ್ಲಿ ನೋವಿರುವುದಿಲ್ಲ, ಊತವಿರುವುದಿಲ್ಲ. ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೂ ಬಹುಮಟ್ಟಿಗೆ ಸಹಜವಾಗಿಯೇ ಇರುತ್ತದೆ. ಮೂತ್ರಪಿಂಡಗಳ ಸಾಮರ್ಥ್ಯ ಸುಮಾರು ಅರ್ಧದಷ್ಟು ಕುಗ್ಗುವವರೆಗೂ ಆ ಅಂಕಿ ಏರದಿರಬಹುದು. ಆದ್ದರಿಂದ ಹಾನಿಯನ್ನು ಆರಂಭದಲ್ಲಿಯೇ ತಿಳಿಯಲು ಮೂತ್ರದ ಅಲ್ಬುಮಿನ್ ನೋಡಬೇಕಾಗುತ್ತದೆ.

ಸ್ಟ್ರಿಪ್‌ನ ಮಿತಿ ಮತ್ತು ಅನುಪಾತದ ಲೆಕ್ಕ

ಶಿಬಿರದಲ್ಲಿ ಬಳಸುವುದು ಸ್ಟ್ರಿಪ್. ಮೂತ್ರದಲ್ಲಿ ಅದ್ದಿ ತೆಗೆದು, ಡಬ್ಬಿಯ ಮೇಲೆ ಸೂಚಿಸಿದ ಸಮಯಕ್ಕೆ ಸರಿಯಾಗಿ ಬಣ್ಣವನ್ನು ಹೋಲಿಸಬೇಕು. ಹಳದಿ ಬಣ್ಣ ಹಸಿರಿಗೆ ತಿರುಗಿದಷ್ಟೂ ಪ್ರೋಟೀನು ಹೆಚ್ಚು. ಒಂದು ಪ್ಲಸ್ ಎಂದರೆ ಲೀಟರಿಗೆ ಸುಮಾರು 300 ಮಿಲಿಗ್ರಾಂ. ಇದಕ್ಕಿಂತ ಬಹಳ ಕಡಿಮೆಯಿರುವ ಆರಂಭಿಕ ಸೋರಿಕೆ ಸ್ಟ್ರಿಪ್‌ನ ಕಣ್ಣಿಗೆ ಬೀಳುವುದಿಲ್ಲ. ಅಲ್ಲದೆ ಹೆಚ್ಚು ನೀರು ಕುಡಿದವರ ಮೂತ್ರ ತೆಳುವಾಗಿ ಫಲಿತಾಂಶ ಕಡಿಮೆ ಕಾಣುತ್ತದೆ. ಬಿಸಿಲಲ್ಲಿ ಬೆವರಿ ಬಂದವರ ಮೂತ್ರ ಗಟ್ಟಿಯಾಗಿ ಹೆಚ್ಚು ಕಾಣುತ್ತದೆ. ಮುಚ್ಚಳ ತೆರೆದಿಟ್ಟು ತೇವಗೊಂಡ ಸ್ಟ್ರಿಪ್‌ಗಳೂ ತಪ್ಪು ಹೇಳುತ್ತವೆ.

ಈ ತೊಡಕನ್ನು ನಿವಾರಿಸುವುದು ಪ್ರಯೋಗಾಲಯದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ. ವರದಿಯಲ್ಲಿ ಇದನ್ನು ಎಸಿಆರ್ ಎನ್ನುತ್ತಾರೆ. ಕ್ರಿಯಾಟಿನಿನ್ ದೇಹದಿಂದ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಹೋಗುವ ವಸ್ತು. ಆದ್ದರಿಂದ ಅದು ಅಳತೆಗೋಲಾಗುತ್ತದೆ. ನಮ್ಮ ನೀರುಗಂಟಿಯವರ ಬೆಳಗಿನ ಮೂತ್ರದಲ್ಲಿ ಲೀಟರಿಗೆ 120 ಮಿಲಿಗ್ರಾಂ ಅಲ್ಬುಮಿನ್, 1.5 ಗ್ರಾಂ ಕ್ರಿಯಾಟಿನಿನ್ ಇತ್ತು. 120ನ್ನು 1.5ರಿಂದ ಭಾಗಿಸಿದರೆ 80. ಅವರೇ ಎರಡು ಚೊಂಬು ನೀರು ಕುಡಿದು ಬಂದು, ಮೂತ್ರ ಮೂರು ಪಟ್ಟು ತೆಳುವಾಗಿದ್ದರೆ ಅಲ್ಬುಮಿನ್ 40 ಆಗುತ್ತದೆ, ಕ್ರಿಯಾಟಿನಿನ್ 0.5 ಆಗುತ್ತದೆ. ಅನುಪಾತ ಆಗಲೂ 80. ಈ ಅನುಪಾತ 30ಕ್ಕಿಂತ ಕಡಿಮೆಯಿದ್ದರೆ ಸಹಜ, 30ರಿಂದ 300 ಮಧ್ಯಮ ಸೋರಿಕೆ, 300ಕ್ಕಿಂತ ಮೇಲಿದ್ದರೆ ತೀವ್ರ ಸೋರಿಕೆ. ಹೀಗೆ ‘ನಿಲ್’ ಎಂಬ ಚೀಟಿಯ ಹಿಂದೆ 80ರ ಸೋರಿಕೆ ಅಡಗಿತ್ತು. ಶಿಬಿರದ ವೈದ್ಯರು ದೀರ್ಘಕಾಲದ ರಕ್ತದೊತ್ತಡವನ್ನು ಗಮನಿಸಿ ಅನುಪಾತ ಮಾಡಿಸಲು ಬರೆದುಕೊಟ್ಟಿದ್ದರಿಂದ ಅದು ಹೊರಬಂದಿತು.

ಮತ್ತೆ ಮತ್ತೆ ಏಕೆ?

ಅಲ್ಬುಮಿನ್ ಸೋರಿಕೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಕಠಿಣ ದುಡಿಮೆ, ಮುಟ್ಟು, ಅತಿಯಾಗಿ ಏರಿದ ರಕ್ತದೊತ್ತಡ ಅಥವಾ ಸಕ್ಕರೆ ಇವು ತಾತ್ಕಾಲಿಕವಾಗಿ ಅಂಕಿಯನ್ನು ಏರಿಸಬಲ್ಲವು. ಹೀಗಾಗಿ ಮೂರು ತಿಂಗಳ ಅಥವಾ ಅದಕ್ಕಿಂತ ತುಸು ಹೆಚ್ಚಿನ ಅವಧಿಯಲ್ಲಿ ಮೂರು ಮಾದರಿಗಳನ್ನು ಪರೀಕ್ಷಿಸಿ, ಕನಿಷ್ಠ ಎರಡರಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಸೋರಿಕೆ ಸ್ಥಿರವಾದದ್ದೆಂದು ನಿರ್ಧರಿಸುವುದು ರೂಢಿ.

ಮಹಿಳೆಗೆ ಶಿಬಿರದ ಹಿಂದಿನ ಎರಡು ದಿನ ಜ್ವರವಿತ್ತು. ಜ್ವರ ಇಳಿದ ಮೇಲೆ, ಮಾತ್ರೆ ಆರಂಭಿಸಿದ ನಂತರ ಅನುಪಾತ 14, ಮೂರನೆಯ ತಿಂಗಳಲ್ಲಿ 11 ಬಂದಿತು. ಆಗ ರಕ್ತದೊತ್ತಡವೂ 134/84ಕ್ಕೆ ಇಳಿದಿತ್ತು. ಅವರಿಗೆ ಸ್ಥಿರ ಸೋರಿಕೆ ಇರಲಿಲ್ಲ. ನೀರುಗಂಟಿಯವರಿಗೆ ಮೊದಲು 80, ಎರಡನೆಯ ಬಾರಿ 22, ಮೂರನೆಯ ಬಾರಿ 64 ಬಂದಿತು. ಎರಡನೆಯ ಅಂಕಿಗೇ ನಿಂತಿದ್ದರೆ ರೋಗವಿಲ್ಲವೆಂದು ಕೈಬಿಡುತ್ತಿದ್ದೆವು. ಮೂರರಲ್ಲಿ ಎರಡು 30ನ್ನು ಮೀರಿದ್ದರಿಂದ ವೈದ್ಯರು ಸೋರಿಕೆಯನ್ನು ಖಚಿತಪಡಿಸಿ, ರಕ್ತದ ಕ್ರಿಯಾಟಿನಿನ್ ನೋಡಿ, ಮಾತ್ರೆಯನ್ನು ಟೆಲ್ಮಿಸಾರ್ಟನ್‌ಗೆ ಬದಲಿಸಿದರು. ಈ ವರ್ಗದ ಔಷಧಗಳು ರಕ್ತದೊತ್ತಡವನ್ನಷ್ಟೇ ಅಲ್ಲದೆ ಶೋಧಕದೊಳಗಿನ ಒತ್ತಡವನ್ನೂ ತಗ್ಗಿಸುತ್ತವೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದನ್ನು ತಿಳಿಯಲೂ ಮುಂದಿನ ಪರೀಕ್ಷೆಯೇ ಸಾಧನ. ಸೋರಿಕೆ ಇಲ್ಲದವರಿಗೂ ರಕ್ತದೊತ್ತಡ ಇರುವವರೆಗೆ ವರ್ಷಕ್ಕೊಮ್ಮೆ ಪರೀಕ್ಷೆ ಸೂಕ್ತ.

ಒಂದು ಮುಖ್ಯ ವಿನಾಯಿತಿ: ಗರ್ಭಿಣಿಗೆ ರಕ್ತದೊತ್ತಡ ಏರಿ ಮೂತ್ರದಲ್ಲಿ ಅಲ್ಬುಮಿನ್ ಕಂಡರೆ ಮೂರು ತಿಂಗಳು ಕಾಯತಕ್ಕದ್ದಲ್ಲ. ಅದು ನಂಜಿನ ಲಕ್ಷಣವಾಗಿರಬಹುದು. ಅಂದೇ ಆಸ್ಪತ್ರೆಗೆ ಕಳುಹಿಸಬೇಕು. ಮೇಲೆ ಹೇಳಿದ ವರ್ಗದ ಔಷಧಗಳೂ ಗರ್ಭಿಣಿಯರಿಗೆ ಸಲ್ಲವು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಶಿಬಿರದ ದಿನವೇ ಮರುಪರೀಕ್ಷೆಯ ದಿನಾಂಕವನ್ನು ನಿಗದಿಪಡಿಸಿ ಚೀಟಿಯಲ್ಲಿ ಬರೆಯಿಸುವುದು. ಸುಗ್ಗಿಯ ದಿನಗಳಲ್ಲಿ ಇಟ್ಟರೆ ದುಡಿಯುವವರು ಬರಲಾರರು.

2. ಬೆಳಗಿನ ಮೊದಲ ಮೂತ್ರವನ್ನು ತರಲು ಹಿಂದಿನ ದಿನವೇ ಡಬ್ಬಿ ಕೊಡಿಸುವುದು. ಜ್ವರ, ಉರಿಮೂತ್ರ ಅಥವಾ ಮುಟ್ಟು ಇದ್ದವರಿಗೆ ಬೇರೆ ದಿನ ಕೊಡುವುದು.

3. ಪರೀಕ್ಷೆಗೆಂದು ಯಾರೂ ರಕ್ತದೊತ್ತಡದ ಮಾತ್ರೆ ನಿಲ್ಲಿಸದಂತೆ ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸುವುದು.

4. ಫಲಿತಾಂಶಗಳ ಪಟ್ಟಿ ಸಮುದಾಯ ಆರೋಗ್ಯ ಅಧಿಕಾರಿಯವರ ಬಳಿಯೇ ಇರತಕ್ಕದ್ದು. ಸಭೆಯಲ್ಲಿ ಹೆಸರು ಓದಕೂಡದು. ಮರುಪರೀಕ್ಷೆಗೆ ಎಷ್ಟು ಮಂದಿ ಬರಬೇಕಿತ್ತು, ಎಷ್ಟು ಮಂದಿ ಬಂದರು ಎಂಬ ಎರಡು ಸಂಖ್ಯೆಗಳನ್ನು ಮಾತ್ರ ಕೇಳುವುದು.

ನಮ್ಮ ಶಿಬಿರದ ನಂತರ ಮರುಪರೀಕ್ಷೆಗೆ ಕರೆದವರಲ್ಲಿ ಹಲವರು ಬರಲಿಲ್ಲ. ದಿನಾಂಕ ಬರೆದುಕೊಡದೇ ಇದ್ದದ್ದು ನಮ್ಮದೇ ಲೋಪ. ನೀರುಗಂಟಿಯವರನ್ನು ಮೂರನೆಯ ಪರೀಕ್ಷೆಗೆ ಆಶಾ ಕಾರ್ಯಕರ್ತೆ ಪಂಪ್‌ಹೌಸ್‌ಗೇ ಹೋಗಿ ಕರೆತಂದರು.